12 ಮಕ್ಕಳ ಶೇಕಡಾ 75, 64 ಮಕ್ಕಳ ಶೇಕಡಾ 59: ಯಾವ ಕ್ಲಾಸ್ ಮುಂದಿದೆ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹತ್ತನೇ ಕ್ಲಾಸಿಗೆ ಎರಡು ವಿಭಾಗ. ಕನ್ನಡ ಮಾಧ್ಯಮದಲ್ಲಿ 64 ಮಕ್ಕಳು, ಅದಕ್ಕೆ ನಾನೇ ಕ್ಲಾಸ್ ಟೀಚರ್. ಇಂಗ್ಲಿಷ್ ಮಾಧ್ಯಮದಲ್ಲಿ 12 ಮಕ್ಕಳು ಮಾತ್ರ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 625ಕ್ಕೆ 375 ಅಥವಾ ಅದಕ್ಕಿಂತ ಜಾಸ್ತಿ ತೆಗೆದವರು ನಮ್ಮಲ್ಲಿ 38, ಅಲ್ಲಿ 9. ಹೆಡ್ ಮಾಸ್ತರು ಸ್ಟಾಫ್ ಮೀಟಿಂಗಿನಲ್ಲಿ ಬೋರ್ಡಿನ ಮೇಲೆ 59, 75 ಅಂತ ಬರೆದು, "ಹದಿನಾರು ಪರ್ಸೆಂಟ್ ಹಿಂದೆ ಇದ್ದೀರಿ, ಯಾಕೆ?" ಅಂತ ಕೇಳಿದರು. ಆ ಕ್ಲಾಸ್ ಸಣ್ಣದು ಸರ್ ಅಂದೆ. "ಅದಕ್ಕೇ ಅಲ್ವಾ ಶೇಕಡಾ ತೆಗೆಯೋದು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ವಿಭಾಗ ನಿಜವಾಗಿಯೂ ಹಿಂದಿದೆಯಾ? ಇಂಥ ಎರಡು ಕ್ಲಾಸನ್ನು ಹೋಲಿಸೋದೇ ತಪ್ಪಾ?

ಉತ್ತರ: ಮೇಡಂ, ನಿಮ್ಮ ಹೆಡ್ ಮಾಸ್ತರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. 38 ದೊಡ್ಡದು, 9 ಸಣ್ಣದು ಅಂತ ತಲೆ ಎಣಿಸಿ ಹೋಲಿಸಿದ್ದರೆ ಅದು ಪೂರ್ತಿ ತಪ್ಪಾಗುತ್ತಿತ್ತು. ನೂರಕ್ಕೆ ಎಷ್ಟು ಅಂತ ತೆಗೆದ ಕೂಡಲೇ ಎರಡೂ ಕ್ಲಾಸ್ ಒಂದೇ ಅಳತೆಗೆ ಬರುತ್ತವೆ. ಶೇಕಡಾ ಮಾಡುವ ಕೆಲಸ ಇಷ್ಟೇ. ಅದು ಮಾಡದ ಕೆಲಸ ಇನ್ನೊಂದಿದೆ: ಎರಡು ಸಂಖ್ಯೆಗಳನ್ನು ಸಮಾನವಾಗಿ ನಂಬುವಂತೆ ಅದು ಮಾಡುವುದಿಲ್ಲ. ಬೋರ್ಡಿನ ಮೇಲೆ 75 ಮತ್ತು 59 ಪಕ್ಕಪಕ್ಕ ನಿಂತಾಗ ಎರಡೂ ಒಂದೇ ತೂಕದವು ಅನ್ನಿಸುತ್ತದೆ, ಆದರೆ ಒಂದರ ಹಿಂದೆ 64 ಮಕ್ಕಳಿದ್ದಾರೆ, ಇನ್ನೊಂದರ ಹಿಂದೆ ಬರೀ 12.

ಒಂದು ಮಗುವಿನ ಬೆಲೆ ಎಷ್ಟು ಅಂತ ನೋಡಿ. 12 ಮಕ್ಕಳ ಕ್ಲಾಸಿನಲ್ಲಿ ಒಂದು ಮಗು 375ರ ಗೆರೆಯ ಮೇಲಿಂದ ಕೆಳಗೆ ಬಂದರೆ ಶೇಕಡಾವಾರು 8.3 ಪಾಯಿಂಟ್ ಇಳಿಯುತ್ತದೆ. ನಿಮ್ಮ ಕ್ಲಾಸಿನಲ್ಲಿ ಅದೇ ಆದರೆ ಇಳಿಯುವುದು 1.6 ಪಾಯಿಂಟ್ ಮಾತ್ರ. ಈಗ ಆ 9 ಮಕ್ಕಳಲ್ಲಿ ಇಬ್ಬರಿಗೆ ಪರೀಕ್ಷೆಯ ದಿನ ಜ್ವರ ಬಂದು 375 ಮುಟ್ಟಲಿಲ್ಲ ಅಂದುಕೊಳ್ಳಿ. 9 ಹೋಗಿ 7 ಆಗುತ್ತದೆ, 12ಕ್ಕೆ 7 ಅಂದರೆ 58.3. ನಿಮ್ಮದು 59.4. ಇಬ್ಬರು ಮಕ್ಕಳು ಹೆಚ್ಚುಕಡಿಮೆ ಆದರೆ ಸಾಕು, ಬೋರ್ಡಿನ ಮೇಲಿನ ಕ್ರಮ ತಿರುಗುಮುರುಗು ಆಗುತ್ತದೆ, ಪ್ರಶ್ನೆ ಕೇಳಿಸಿಕೊಳ್ಳುವವರು ಆ ಕ್ಲಾಸಿನ ಟೀಚರ್ ಆಗುತ್ತಾರೆ.

ಹಾಗಾಗಿ ನಾನು ಮೊದಲು ನೋಡುವುದು ಶೇಕಡಾವಾರನ್ನಲ್ಲ, ಮಾರ್ಕ್ಸ್ ಪಟ್ಟಿಯನ್ನು. ಆ 12 ಮಕ್ಕಳ ಒಟ್ಟು ಅಂಕಗಳನ್ನು ಮೇಲಿಂದ ಕೆಳಗೆ ಬರೆದು 375ರ ಹತ್ತಿರ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ 376, 379, 381 ಅಂತ ಮೂವರು ಕೂತಿದ್ದಾರಾ? ಹಾಗಿದ್ದರೆ ಆ 75 ಬಹಳ ಅಲುಗಾಡುವ 75. ಅಥವಾ 9 ಮಕ್ಕಳೂ 420ರ ಮೇಲೆ ಇದ್ದು ಉಳಿದ ಮೂವರು 340ರ ಕೆಳಗೆ ಇದ್ದಾರಾ? ಆಗ ಆ 75ಕ್ಕೆ ಸ್ವಲ್ಪ ಗಟ್ಟಿತನ ಇದೆ. ಗೆರೆ ಎಳೆದು ಎಣಿಸುವ ಲೆಕ್ಕದಲ್ಲಿ 374ಕ್ಕೂ 150ಕ್ಕೂ ವ್ಯತ್ಯಾಸ ಇಲ್ಲ, 375ಕ್ಕೂ 600ಕ್ಕೂ ವ್ಯತ್ಯಾಸ ಇಲ್ಲ. ದೊಡ್ಡ ಕ್ಲಾಸಿನಲ್ಲಿ ಗೆರೆಯ ಎರಡೂ ಕಡೆ ಸಾಕಷ್ಟು ಮಕ್ಕಳಿರುತ್ತಾರೆ, ಆಚೆ ಹೋದವರು ಈಚೆ ಬಂದವರು ಸಾಮಾನ್ಯವಾಗಿ ಸರಿತೂಗುತ್ತಾರೆ. ಸಣ್ಣ ಕ್ಲಾಸಿನಲ್ಲಿ ಸರಿತೂಗಿಸಲು ಮಕ್ಕಳೇ ಇರುವುದಿಲ್ಲ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಹೆಡ್ ಮಾಸ್ತರು ಒಪ್ಪಲಿಕ್ಕಿಲ್ಲ. "ಸಣ್ಣ ಕ್ಲಾಸ್ ಅಂತ ನೆಪ ಹೇಳ್ತಾರೆ" ಅನ್ನಬಹುದು. ನನ್ನ ಕ್ಲಾಸಿನಲ್ಲಿ ನಾನು ಇದನ್ನು ಚೀಟಿ ಹಾಕಿ ತೋರಿಸುತ್ತಿದ್ದೆ. ನೀವೂ ಸ್ಟಾಫ್ ರೂಮಿನಲ್ಲಿ ಮಾಡಿ ನೋಡಬಹುದು, ಹತ್ತು ನಿಮಿಷದ ಕೆಲಸ.

ಎರಡೂ ವಿಭಾಗ ಸೇರಿ 76 ಮಕ್ಕಳು. ಗೆರೆ ದಾಟಿದವರು 38 ಮತ್ತು 9, ಒಟ್ಟು 47. 76 ಚೀಟಿ ಕತ್ತರಿಸಿ, 47ರ ಮೇಲೆ ಒಂದು ಗುರುತು ಹಾಕಿ, ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಕಲಸಿ. ಯಾವ ಚೀಟಿ ಯಾವ ಮಾಧ್ಯಮ ಅಂತ ಅದರ ಮೇಲೆ ಇರಬಾರದು. ಈಗ ಕಣ್ಣು ಮುಚ್ಚಿ 12 ಚೀಟಿ ತೆಗೆದು ಗುರುತು ಇರುವವು ಎಷ್ಟು ಅಂತ ಎಣಿಸಿ ಬರೆದುಕೊಳ್ಳಿ. ವಾಪಸ್ ಹಾಕಿ, ಕಲಸಿ, ಮತ್ತೆ ತೆಗೆಯಿರಿ. ಇಲ್ಲಿ ಯಾರೂ ಚೆನ್ನಾಗಿ ಕಲಿಸಿಲ್ಲ, ಯಾರೂ ಕೆಟ್ಟದಾಗಿ ಕಲಿಸಿಲ್ಲ, ಸುಮ್ನೆ ಕೈಗೆ ಸಿಕ್ಕಿದ 12 ಚೀಟಿ. ಸರಾಸರಿ ಏಳು, ಏಳೂವರೆ ಬರುತ್ತದೆ. ಆದರೆ 9 ಅಥವಾ ಅದಕ್ಕಿಂತ ಜಾಸ್ತಿ ಎಷ್ಟು ಸಲ ಬರುತ್ತದೆ ಗೊತ್ತಾ? ನೂರಕ್ಕೆ ಸುಮಾರು 25 ಸಲ. ಅಂದರೆ ಎರಡು ವಿಭಾಗಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲದಿದ್ದರೂ, ನಾಲ್ಕು ಸಲಕ್ಕೆ ಒಂದು ಸಲ ಆ ಸಣ್ಣ ಗುಂಪು ಇಷ್ಟು ಅಥವಾ ಇನ್ನೂ ಜಾಸ್ತಿ ಮುಂದೆ ಕಾಣುತ್ತದೆ. ನಾಲ್ಕರಲ್ಲಿ ಒಂದು ಸಲ ಸುಮ್ಮನೆ ಆಗುವಂಥದ್ದಕ್ಕೆ "ಯಾಕೆ ಹಿಂದೆ ಬಿದ್ದಿರಿ" ಅಂತ ಒಬ್ಬರನ್ನು ನಿಲ್ಲಿಸಿ ಕೇಳುವುದು ನ್ಯಾಯ ಅಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಚೀಟಿ ತೆಗೆಯಲು ಸಮಯ ಇಲ್ಲದಿದ್ದರೆ ಆಫೀಸಿನ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು ಒಂದು ಖಾನೆಯಲ್ಲಿ ಇದನ್ನು ಬರೆಯಿರಿ:

```
=1-HYPGEOM.DIST(8,12,47,76,TRUE)
```

0.246 ಅಂತ ಬರುತ್ತದೆ. 8 ಅಂದರೆ 9ಕ್ಕಿಂತ ಒಂದು ಕಡಿಮೆ, 12 ಸಣ್ಣ ಕ್ಲಾಸಿನ ಮಕ್ಕಳು, 47 ಒಟ್ಟು ಗೆರೆ ದಾಟಿದವರು, 76 ಒಟ್ಟು ಮಕ್ಕಳು. 8 ಅಥವಾ ಅದಕ್ಕಿಂತ ಕಡಿಮೆ ಬರುವ ಸಾಧ್ಯತೆಯನ್ನು ಒಂದರಿಂದ ಕಳೆದರೆ 9 ಮತ್ತು ಮೇಲಿನದು ಸಿಗುತ್ತದೆ. ಇಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪು 8ರ ಜಾಗದಲ್ಲಿ 9 ಹಾಕುವುದು. ಹಾಗೆ ಮಾಡಿದರೆ 10 ಮತ್ತು ಮೇಲಿನದರ ಲೆಕ್ಕ ಬರುತ್ತದೆ, ಅದು 0.086. ಉತ್ತರ ಪೂರ್ತಿ ಬೇರೆಯಾಗುತ್ತದೆ.

ಇದೇ ಲೆಕ್ಕವನ್ನು ಇನ್ನೆರಡು ರೀತಿಯಲ್ಲಿ ಮಾಡಿ ನೋಡಿದರೆ ವಿಷಯ ಚೆನ್ನಾಗಿ ತಿಳಿಯುತ್ತದೆ. ಗೆರೆ ದಾಟಿದವರು ಒಟ್ಟು 47 ಅಂತಲೇ ಇಟ್ಟುಕೊಂಡು, ಸಣ್ಣ ಕ್ಲಾಸಿನಲ್ಲಿ 12ಕ್ಕೆ 11 ಇದ್ದಿದ್ದರೆ? ಡಬ್ಬಿಯಿಂದ 11 ಅಥವಾ 12 ಗುರುತಿನ ಚೀಟಿ ಬರುವುದು ನೂರಕ್ಕೆ ಎರಡು ಸಲದಷ್ಟು. ಆಗ ನಾನೇ "ಇಲ್ಲೇನೋ ಇದೆ, ನೋಡೋಣ" ಅನ್ನುತ್ತಿದ್ದೆ. ಇನ್ನು ಆ ಇಂಗ್ಲಿಷ್ ವಿಭಾಗದಲ್ಲೂ 64 ಮಕ್ಕಳಿದ್ದು 48 ಮಂದಿ ದಾಟಿದ್ದರೆ? ಅದೂ ಶೇಕಡಾ 75, ನಿಮ್ಮದು ಅದೇ 59, ಅಂತರ ಅದೇ ಹದಿನಾರು. ಆದರೆ ಸುಮ್ಮನೆ ಅಷ್ಟು ಅಂತರ ಬರುವ ಸಾಧ್ಯತೆ ಆಗ ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ಹೆಡ್ ಮಾಸ್ತರು ಬರೆದ ಎರಡು ಸಂಖ್ಯೆಗಳು ಹಾಗೇ ಇವೆ, ಅವುಗಳ ತೂಕ ಮಾತ್ರ ಬದಲಾಯಿತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದು ಚೀಲದ ಬಾಯಿಂದ ನಾಲ್ಕು ಕಾಯಿ ಎತ್ತಿ ಬಣ್ಣ ನೋಡಿ ಇಡೀ ರಾಶಿಗೆ ಬೆಲೆ ಕಟ್ಟಿದರೆ ಯಾವ ರೈತ ಒಪ್ಪುತ್ತಾನೆ ಹೇಳಿ?

ಎಷ್ಟು ಮಕ್ಕಳಿದ್ದರೆ ಎಷ್ಟು ಅಲುಗಾಟ ಅನ್ನುವುದಕ್ಕೂ ಒಂದು ನಿಯಮ ಇದೆ. ಮಕ್ಕಳ ಸಂಖ್ಯೆ ನಾಲ್ಕು ಪಟ್ಟಾದರೆ ಅಲುಗಾಟ ಅರ್ಧ ಆಗುತ್ತದೆ, ಯಾಕೆಂದರೆ ಅದು ಸಂಖ್ಯೆಯ ವರ್ಗಮೂಲದ ಜೊತೆ ಇಳಿಯುತ್ತದೆ. ಗೆರೆ ದಾಟುವುದು ಸುಮಾರು ಶೇಕಡಾ 60 ಅನ್ನುವ ಶಾಲೆಯಲ್ಲಿ, 12 ಮಕ್ಕಳ ಕ್ಲಾಸಿನ ಫಲಿತಾಂಶ ಯಾರ ಗುಣ ದೋಷವೂ ಇಲ್ಲದೆ 14 ಪಾಯಿಂಟ್ ಆಚೆ ಈಚೆ ಓಡಾಡುವುದು ಮಾಮೂಲು. 64 ಮಕ್ಕಳದ್ದು 6 ಪಾಯಿಂಟ್. ಈ ಕಾರಣಕ್ಕೇ ಜಿಲ್ಲೆಯ ಶಾಲೆಗಳನ್ನು ಶೇಕಡಾವಾರು ಪ್ರಕಾರ ಸಾಲಾಗಿ ಬರೆದರೆ ತೀರಾ ಮೇಲೂ ತೀರಾ ಕೆಳಗೂ ಸಣ್ಣ ಶಾಲೆಗಳೇ ಜಾಸ್ತಿ ಕಾಣಿಸುತ್ತವೆ. ಅಮೆರಿಕದಲ್ಲಿ ಸಣ್ಣ ಶಾಲೆಗಳು ಪಟ್ಟಿಯ ಮೇಲ್ಭಾಗದಲ್ಲಿವೆ ಅಂತ ನೋಡಿ, ದೊಡ್ಡ ಶಾಲೆಗಳನ್ನು ಒಡೆದು ಸಣ್ಣ ಮಾಡಲು ಬಹಳ ಹಣ ಸುರಿದ ಕಾಲ ಒಂದಿತ್ತು. ಆಮೇಲೆ ಸಂಖ್ಯಾಶಾಸ್ತ್ರಜ್ಞರು ಪಟ್ಟಿಯ ಕೆಳಭಾಗ ನೋಡಿದಾಗ ಅಲ್ಲೂ ಸಣ್ಣ ಶಾಲೆಗಳೇ ಗುಂಪುಗೂಡಿದ್ದವು.

ನನ್ನ ಕಣ್ಣೆದುರೇ ಆದದ್ದೊಂದು ಹೇಳುತ್ತೇನೆ. ಧಾರವಾಡದಲ್ಲಿ ನಾನು ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಒಂದು ಐಚ್ಛಿಕ ವಿಷಯಕ್ಕೆ 11 ವಿದ್ಯಾರ್ಥಿಗಳಿದ್ದರು. ಒಂದು ವರ್ಷ ಹನ್ನೊಂದೂ ಮಂದಿ ಫಸ್ಟ್ ಕ್ಲಾಸ್. ಆ ಉಪನ್ಯಾಸಕರಿಗೆ ಶಾಲು ಹೊದಿಸಿದರು. ಮರು ವರ್ಷ 10 ಮಂದಿಯಲ್ಲಿ 6, ಅದೇ ಉಪನ್ಯಾಸಕರು, ಅದೇ ನೋಟ್ಸ್. ಆಗ ಅವರಿಂದ ಲಿಖಿತ ವಿವರಣೆ ಕೇಳಿದರು. ಅವರು ಎರಡು ದಿನ ಕಾಲೇಜಿಗೆ ಬರಲಿಲ್ಲ. ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ ಈ ಚೀಟಿಯ ಲೆಕ್ಕ ಹೇಳಿದೆ, ಆದರೆ ಕಾಗದ ಆಗಲೇ ಹೋಗಿತ್ತು. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಬರೀ ಲೆಕ್ಕದ ಪ್ರಶ್ನೆ ಅನ್ನಿಸುವುದಿಲ್ಲ.

ಈಗ ನಿಮ್ಮ ಹೆಡ್ ಮಾಸ್ತರು ಇನ್ನೊಂದು ಮಾತು ಕೇಳಬಹುದು, ಅದು ಒಳ್ಳೆಯ ಪ್ರಶ್ನೆ: "ಇದೇನು ಸರ್ವೇ ಅಲ್ಲವಲ್ಲ, ಎಲ್ಲ ಮಕ್ಕಳನ್ನೂ ಎಣಿಸಿದ್ದೇವೆ, ಇದರಲ್ಲಿ ಅದೃಷ್ಟದ ಮಾತು ಎಲ್ಲಿಂದ ಬಂತು?" ಉತ್ತರ ನಿಮ್ಮ ಉದ್ದೇಶದ ಮೇಲೆ ನಿಂತಿದೆ. ಈ ಪರೀಕ್ಷೆಯಲ್ಲಿ ಯಾವ ವಿಭಾಗದಲ್ಲಿ ಜಾಸ್ತಿ ಪಾಲು ಮಕ್ಕಳು 375 ದಾಟಿದರು ಅಂತಷ್ಟೇ ಕೇಳಿದರೆ, ಇಂಗ್ಲಿಷ್ ವಿಭಾಗ, ಅದು ನಡೆದುಹೋದ ಸಂಗತಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಮೀಟಿಂಗಿನಲ್ಲಿ ಕೇಳಿದ್ದು ಅದಲ್ಲ. "ಯಾಕೆ" ಅಂತ ಕೇಳಿದರು. ಆ "ಯಾಕೆ"ಯ ಒಳಗೆ ಕಲಿಸುವುದರಲ್ಲಿ ಏನೋ ಕೊರತೆ ಇದೆ, ಮುಂದಿನ ಪರೀಕ್ಷೆಯಲ್ಲೂ ಹೀಗೇ ಆಗುತ್ತದೆ ಅನ್ನುವ ಊಹೆ ಇದೆ. ಅದೇ ಮಕ್ಕಳಿಗೆ ಮುಂದಿನ ವಾರ ಬೇರೆ ಪ್ರಶ್ನೆಪತ್ರಿಕೆ ಕೊಟ್ಟರೆ ಗೆರೆಯ ಹತ್ತಿರ ಇರುವವರಲ್ಲಿ ಕೆಲವರು ಆಚೆ, ಕೆಲವರು ಈಚೆ ಆಗುತ್ತಾರೆ. ಓದಿದ ಪಾಠದಿಂದಲೇ ಪ್ರಶ್ನೆ ಬಂತಾ, ಹಿಂದಿನ ರಾತ್ರಿ ಮನೆಯಲ್ಲಿ ಏನಾಯಿತು, ಪೇಪರ್ ತಿದ್ದಿದವರ ಕೈ ಎಷ್ಟು ಬಿಗಿ, ಇವೆಲ್ಲ ಆ ಅಂಕದಲ್ಲಿ ಸೇರಿವೆ. ಎಲ್ಲ ಮಕ್ಕಳನ್ನೂ ಎಣಿಸಿದ ಮಾತ್ರಕ್ಕೆ ಅವು ಹೊರಗೆ ಹೋಗುವುದಿಲ್ಲ.

ಆದರೆ ಇಷ್ಟು ಓದಿ ನೀವು "ಸರಿ, ಹಾಗಾದರೆ ಎರಡೂ ವಿಭಾಗ ಸಮ" ಅಂತ ಹೇಳಲು ಹೋಗಬೇಡಿ ಮೇಡಂ. ಅದೂ ತಪ್ಪು. ಇಷ್ಟು ಕಡಿಮೆ ಮಕ್ಕಳಿಂದ ಹೇಳಬಹುದಾದದ್ದು ಬಹಳ ಅಗಲವಾದ ಮಾತು: ಆ ವಿಭಾಗದ ನಿಜವಾದ ಮಟ್ಟ ಶೇಕಡಾ 47ರಿಂದ 91ರ ಒಳಗೆ ಎಲ್ಲಾದರೂ ಇರಬಹುದು, ನಿಮ್ಮದು 47ರಿಂದ 71ರ ಒಳಗೆ. ಇವು ಇಂಥ ಸಣ್ಣ ಗುಂಪುಗಳಿಗೆ ಹೊಂದುವ ವಿಲ್ಸನ್ ಎಂಬ ವಿಧಾನದಿಂದ ಶೇಕಡಾ 95ರ ಭರವಸೆಗೆ ತೆಗೆದ ಅಂದಾಜುಗಳು. ಆ ಅಗಲದಲ್ಲಿ ಅವರು ನಿಮಗಿಂತ ಬಹಳ ಮುಂದೆ ಇರುವ ಸಾಧ್ಯತೆಯೂ ಇದೆ, ಸಮ ಇರುವ ಸಾಧ್ಯತೆಯೂ ಇದೆ, ಸ್ವಲ್ಪ ಹಿಂದಿರುವ ಸಾಧ್ಯತೆಯೂ ಇದೆ. 12 ಮಕ್ಕಳ ಒಂದು ಪರೀಕ್ಷೆ ಇದನ್ನು ತೀರ್ಮಾನ ಮಾಡಲಾರದು.

ಹಾಗಾದರೆ ಏನು ಮಾಡಬಹುದು?

ನನ್ನ ಮೊದಲ ಆಯ್ಕೆ, ಅದೃಷ್ಟಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಕೇಳುವುದು: ಆ 12 ಮಕ್ಕಳು ಆ ವಿಭಾಗಕ್ಕೆ ಹೇಗೆ ಬಂದರು? ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗಕ್ಕೆ ಓದಿನಲ್ಲಿ ಮೊದಲೇ ಮುಂದಿರುವ ಮಕ್ಕಳು, ಮನೆಯಲ್ಲಿ ಓದಿದವರಿರುವ ಮಕ್ಕಳು ಹೋಗುತ್ತಾರೆ. ನಿಮ್ಮಲ್ಲೂ ಹಾಗಿದೆಯಾ ಅಂತ ಒಂಬತ್ತನೇ ಕ್ಲಾಸಿನ ಅಂಕ ತೆಗೆದರೆ ತಿಳಿಯುತ್ತದೆ. ಪ್ರತಿ ವಿಭಾಗದ ಮಕ್ಕಳನ್ನು ಒಂಬತ್ತರಲ್ಲಿ ಶೇಕಡಾ 60 ದಾಟಿದವರು, ದಾಟದವರು ಅಂತ ಎರಡು ಮಾಡಿ.

ಉದಾಹರಣೆಗೆ ಹೀಗೆ ಬಂತು ಅಂದುಕೊಳ್ಳಿ. ಇಂಗ್ಲಿಷ್ ವಿಭಾಗದ 12ರಲ್ಲಿ 10 ಮಕ್ಕಳು ಒಂಬತ್ತರಲ್ಲೇ 60 ದಾಟಿದ್ದವರು, ಅವರಲ್ಲಿ ಈಗ 9 ಮಂದಿ 375 ದಾಟಿದ್ದಾರೆ, ಉಳಿದ ಇಬ್ಬರಲ್ಲಿ ಯಾರೂ ಇಲ್ಲ. ನಿಮ್ಮ 64ರಲ್ಲಿ 34 ಮಕ್ಕಳು ಒಂಬತ್ತರಲ್ಲಿ ದಾಟಿದ್ದವರು, ಅವರಲ್ಲಿ 32 ಮಂದಿ ಈಗಲೂ ದಾಟಿದ್ದಾರೆ, ಉಳಿದ 30 ಮಕ್ಕಳಲ್ಲಿ 6 ಮಂದಿ ಹೊಸದಾಗಿ ದಾಟಿದ್ದಾರೆ. ಕೂಡಿಸಿ ನೋಡಿ, 9 ಮತ್ತು 38, ಬೋರ್ಡಿನ ಮೇಲಿನ ಸಂಖ್ಯೆಗಳೇ. ಆದರೆ ಮುಂದಿದ್ದ ಮಕ್ಕಳಲ್ಲಿ ಅವರದು ಶೇಕಡಾ 90, ನಿಮ್ಮದು 94. ಹಿಂದಿದ್ದ ಮಕ್ಕಳಲ್ಲಿ ಅವರದು ಸೊನ್ನೆ, ನಿಮ್ಮದು 20. ಎರಡೂ ಕಡೆ ನೀವೇ ಮುಂದೆ, ಒಟ್ಟಿನಲ್ಲಿ ಮಾತ್ರ ಹಿಂದೆ! ಇದರಲ್ಲಿ ಮೋಸ ಏನೂ ಇಲ್ಲ. ನಿಮ್ಮ ಕ್ಲಾಸಿನ ಅರ್ಧದಷ್ಟು ಮಕ್ಕಳು ಕಷ್ಟದ ಕಡೆಯಿಂದ ಬಂದವರು, ಅಲ್ಲಿ ಅಂಥವರು ಇಬ್ಬರೇ, ಒಟ್ಟು ಶೇಕಡಾವಾರು ಆ ಮಿಶ್ರಣವನ್ನೇ ತೋರಿಸುತ್ತಿದೆ.

ನಿಮ್ಮ ಪಟ್ಟಿಯೂ ಹೀಗೇ ಬರುತ್ತದೆ ಅಂತ ಹೇಳಲಾಗುವುದಿಲ್ಲ, ತೆಗೆದು ನೋಡಬೇಕು. ಹೀಗೇ ಬಂದರೂ ಒಂದು ಅಪಾಯ ಇದೆ. "ನೋಡಿ, ಆ ಸರ್ ಕ್ಲಾಸಿನಲ್ಲಿ ಹಿಂದಿದ್ದ ಮಕ್ಕಳು ಸೊನ್ನೆ" ಅಂತ ಬೆರಳು ತೋರಿಸಲು ಮನಸ್ಸಾಗುತ್ತದೆ. ಆ ಸೊನ್ನೆಯ ಹಿಂದೆ ಇರುವುದು ಇಬ್ಬರು ಮಕ್ಕಳು. ನಿಮಗೆ ಆದ ಅನ್ಯಾಯವನ್ನೇ ಅವರಿಗೆ ಮಾಡಿದಂತಾಗುತ್ತದೆ.

ಎರಡನೆಯ ದಾರಿ, ಗೆರೆ ಬಿಟ್ಟು ಅಂಕಗಳನ್ನೇ ನೋಡುವುದು. ಸರಾಸರಿ ತೆಗೆದರೆ 374 ಮತ್ತು 150 ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ, ಇರುವ ಮಾಹಿತಿ ಜಾಸ್ತಿ ಬಳಕೆಯಾಗುತ್ತದೆ. ಆದರೆ 12 ಮಕ್ಕಳಲ್ಲಿ ಒಬ್ಬಳು 612 ತೆಗೆದಿದ್ದರೆ ಅವಳೊಬ್ಬಳೇ ಇಡೀ ಕ್ಲಾಸಿನ ಸರಾಸರಿಯನ್ನು ಎತ್ತಿಬಿಡುತ್ತಾಳೆ. ಅದಕ್ಕೆ ಸಣ್ಣ ಕ್ಲಾಸಿಗೆ ಮಧ್ಯಾಂಕ ಒಳ್ಳೆಯದು: ಅಂಕಗಳನ್ನು ಸಾಲಾಗಿ ಬರೆದು ಆರನೆಯ ಮತ್ತು ಏಳನೆಯ ಮಗುವಿನ ನಡುವಿನ ಅಂಕ. ನಿಮ್ಮಲ್ಲಿ 32 ಮತ್ತು 33ನೆಯ ಮಗುವಿನ ನಡುವೆ.

ಮೂರನೆಯದು, ಮೂರು ನಾಲ್ಕು ವರ್ಷದ ಮಕ್ಕಳನ್ನು ಕೂಡಿಸುವುದು. 12ರ ಕ್ಲಾಸ್ ನಾಲ್ಕು ವರ್ಷಕ್ಕೆ 48 ಆಗುತ್ತದೆ, ಅಲುಗಾಟ ಅರ್ಧಕ್ಕೆ ಇಳಿಯುತ್ತದೆ. ಆದರೆ ಆ ವರ್ಷಗಳಲ್ಲಿ ಟೀಚರ್ ಬದಲಾಗಿದ್ದರೆ, ಪ್ರಶ್ನೆಪತ್ರಿಕೆಯ ಮಾದರಿ ಬದಲಾಗಿದ್ದರೆ, ಆ 48ರ ಸಂಖ್ಯೆ ಯಾರ ಬಗ್ಗೆ ಹೇಳುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಕೂಡಿಸುವಾಗ ಮಕ್ಕಳನ್ನು ಕೂಡಿಸಿ, ಶೇಕಡಾಗಳನ್ನಲ್ಲ. ಈ ತಪ್ಪು ನಾನು ಎಷ್ಟೋ ರಿಪೋರ್ಟಿನಲ್ಲಿ ನೋಡಿದ್ದೇನೆ: 75 ಮತ್ತು 59.4 ಕೂಡಿಸಿ ಎರಡರಿಂದ ಭಾಗಿಸಿ "ಶಾಲೆಯ ಫಲಿತಾಂಶ ಶೇಕಡಾ 67" ಅಂತ ಬರೆದುಬಿಡುತ್ತಾರೆ. ನಿಜವಾದದ್ದು 76ಕ್ಕೆ 47, ಅಂದರೆ 61.8.

ಮುಂದಿನ ಮೀಟಿಂಗಿಗೆ ಮಾತ್ರ ಅಂತ ಕೇಳಿದರೆ, ವಾದ ಮಾಡಬೇಡಿ. ಬೋರ್ಡಿನ ಮೇಲೆ 75 ಅಂತ ಇರುವ ಕಡೆ "12ಕ್ಕೆ 9", 59 ಅಂತ ಇರುವ ಕಡೆ "64ಕ್ಕೆ 38" ಅಂತ ಬರೆಯಲು ಅನುಮತಿ ಕೇಳಿ. ಆಮೇಲೆ ಚೀಟಿಯ ಡಬ್ಬಿಯನ್ನು ಹೆಡ್ ಮಾಸ್ತರ ಕೈಗೇ ಕೊಡಿ, ಅವರೇ ಹತ್ತು ಸಲ ತೆಗೆಯಲಿ. ಒಂದು ಎಚ್ಚರಿಕೆ, ಹತ್ತು ಸಲದಲ್ಲಿ ಎರಡು ಮೂರು ಸಲ 9 ಅಥವಾ ಅದಕ್ಕಿಂತ ಜಾಸ್ತಿ ಬರುತ್ತದೆ ಅಂತ ನಿರೀಕ್ಷೆ, ಆದರೆ ಒಂದೂ ಬಾರದೆ ಇರಬಹುದು, ಐದು ಸಲ ಬಂದರೂ ಆಶ್ಚರ್ಯ ಇಲ್ಲ. ಹಾಗಾಗಿ ಎಕ್ಸೆಲ್ ಉತ್ತರವನ್ನೂ ಒಂದು ಕಾಗದದಲ್ಲಿ ಬರೆದು ಕೈಯಲ್ಲಿಟ್ಟುಕೊಂಡಿರಿ.

ಒಂಬತ್ತನೇ ಕ್ಲಾಸಿನ ಪಟ್ಟಿ ಮಾಡುವ ಮುಂಚೆ ಹಾಜರಿ ಪುಸ್ತಕ ತೆಗೆದು ಒಂದು ವಿಷಯ ನೋಡಿಕೊಳ್ಳಿ: ಪರೀಕ್ಷೆಗೆ ಬಾರದ ಮಕ್ಕಳನ್ನು ಒಟ್ಟು ಸಂಖ್ಯೆಯಲ್ಲಿ ಸೇರಿಸಿದ್ದಾರಾ, ಬಿಟ್ಟಿದ್ದಾರಾ? ಆ ವಿಭಾಗದಲ್ಲಿ ಒಬ್ಬ ಗೈರಾಗಿದ್ದು ಅವನನ್ನು ಬಿಟ್ಟರೆ 11ಕ್ಕೆ 9, ಅಂದರೆ 82. ಸೇರಿಸಿದರೆ 75. ಒಬ್ಬ ಹುಡುಗನಿಂದಲೇ ಏಳು ಪಾಯಿಂಟ್. ನಿಮ್ಮಲ್ಲಿ ನಾಲ್ವರು ಗೈರಾಗಿದ್ದು ಅವರನ್ನು ಬಿಟ್ಟರೂ 59 ಹೋಗಿ 63 ಆಗುತ್ತದೆ ಅಷ್ಟೇ. ಯಾವ ರೀತಿ ಮಾಡಿದರೂ ಸರಿ, ಎರಡೂ ವಿಭಾಗಕ್ಕೆ ಒಂದೇ ರೀತಿ ಮಾಡಿರಬೇಕು. ಆ ಪಟ್ಟಿ ಸಿದ್ಧ ಆದಮೇಲೆ ಮಕ್ಕಳ ಹೆಸರು ತೆಗೆದು, ಅಂಕಗಳನ್ನಷ್ಟೇ ನನಗೆ ಕಳಿಸಿ. ಒಂಬತ್ತರದು ಒಂದು ಸಾಲು, ಹತ್ತರದು ಒಂದು ಸಾಲು, ಪಕ್ಕದಲ್ಲಿ ವಿಭಾಗ. ಲೆಕ್ಕ ನಾನು ಮಾಡಿ ಕೊಡುತ್ತೇನೆ.